ನಾಮಕರಣದ ದಿನ ಅಜ್ಜ-ಅಜ್ಜಿ ದೇವರ ಮುಂದೆ ಮಾಡೋ ಅರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಕಡೆ ಮನೆಗಳಲ್ಲಿ ನಾಮಕರಣದ ದಿನ ಹೆಸರಿಡೋಕೆ ಮುಂಚೆ ಅಜ್ಜನೋ ಅಜ್ಜಿನೋ ದೇವರ ದೀಪದ ಮುಂದೆ ನಿಂತು ಒಂದು ಅರಿಕೆ ಮಾಡ್ತಾರಲ್ಲ, ಇದು ಅದರ ಬಗ್ಗೆ. ಮಂತ್ರ ಅಲ್ಲ, ಕನ್ನಡದಲ್ಲೇ ಬಾಯಿಬಿಟ್ಟು ಹೇಳೋದು. ಈಗ ಅಜ್ಜಂದಿರಾಗ್ತಿರೋರಲ್ಲಿ ಸುಮಾರು ಜನ ಶಿವಮೊಗ್ಗ, ಬೆಂಗಳೂರು ಅಂತ ನೌಕರಿ ಮಾಡಿ ರಿಟೈರ್ ಆದವರು. ಅವರಪ್ಪ ಹೇಳೋದನ್ನ ಸಣ್ಣೋರಿದ್ದಾಗ ಕೇಳಿರ್ತಾರೆ ಆದ್ರೆ ತಾವೇ ನಿಂತು ಹೇಳಿರಲ್ಲ, ಹಾಗಾಗಿ ಹಿಂದಿನ ದಿನ ರಾತ್ರಿ ಫೋನ್ ಮಾಡಿ "ಏನಂತ ಹೇಳೋದು ಮಾರಾಯ್ರೆ" ಅಂತಾರೆ. ಕೇಳಿದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಇರೋದ್ರಿಂದ ಒಂದು ಕಡೆ ಬರೆದಿಟ್ಟಿದೀನಿ. ಜಾತಿಗೊಂದು, ಮನೆಗೊಂದು ಪದ್ಧತಿ ಇರತ್ತೆ, ನಿಮ್ಮ ಮನೆ ಹಿರಿಯರು ಬೇರೆ ಥರ ಹೇಳಿದ್ರೆ ಅವರು ಹೇಳಿದ್ದೇ ಸರಿ.

ಪುರೋಹಿತರು ಮಂತ್ರ ಹೇಳೇ ಹೇಳ್ತಾರಲ್ಲ, ಮತ್ತೆ ಅಜ್ಜನ ಅರಿಕೆ ಯಾಕೆ?

ಪುರೋಹಿತರು ಮಾಡಿಸೋದ್ರಲ್ಲಿ ಕರ್ತೃ ಅಂದ್ರೆ ಮಗುವಿನ ಅಪ್ಪ. ಸಂಕಲ್ಪ ಅವನದ್ದು, ಬಲಗಿವಿಯಲ್ಲಿ ಹೆಸರು ಹೇಳೋದು ಅವನು, ಅಕ್ಕಿ ಮೇಲೆ ಉಂಗುರದಲ್ಲಿ ಬರೆಯೋದೂ ಅವನೇ. ಅಜ್ಜ ಅಜ್ಜಿಗೆ ಅಲ್ಲಿ ಅಕ್ಷತೆ ಹಾಕಿ ಆಶೀರ್ವಾದ ಮಾಡೋದು ಬಿಟ್ರೆ ಬೇರೆ ಕೆಲಸ ಇಲ್ಲ.

ಆದ್ರೆ ಹೆರಿಗೆ ನೋವು ಶುರುವಾದ ಹೊತ್ತಿಂದ ಮನೆಯಲ್ಲಿ ಯಾರ್ಯಾರು ಯಾವ್ಯಾವ ದೇವರಿಗೆ ಏನೇನು ಹೇಳ್ಕೊಂಡಿರ್ತಾರೆ ಅನ್ನೋದು ಮಂತ್ರದಲ್ಲಿ ಬರಲ್ಲ. ಒಬ್ರು ಸಿಗಂದೂರಿಗೆ ಬರ್ತೀನಿ ಅಂದಿರ್ತಾರೆ, ಇನ್ನೊಬ್ರು ಮುಡಿಪು ಕಟ್ಟಿಟ್ಟಿರ್ತಾರೆ. ಮಗು ಹುಟ್ಟಿದ ತಕ್ಷಣ ಹೋಗಿ ದೇವರ ಮುಂದೆ "ಆಯ್ತಪ್ಪ, ನಡೆಸಿಕೊಟ್ಟೆ" ಅನ್ನೋಣ ಅಂದ್ರೆ ಪುರುಡು ಬಂದಿರತ್ತೆ, ಅಪ್ಪನ ಕಡೆಯವರು ಹತ್ತು ದಿನ ದೇವರ ದೀಪ ಮುಟ್ಟೋ ಹಾಗಿಲ್ಲ. ಹನ್ನೊಂದನೇ ದಿನ ಪುಣ್ಯಾಹ ಆಗಿ ಮನೆ ಶುದ್ಧ ಆದ್ಮೇಲೇ ಬಾಯಿ ಬಿಡೋದು. ಅಷ್ಟು ದಿನ ಮನಸ್ಸಲ್ಲಿಟ್ಟುಕೊಂಡಿದ್ದನ್ನ ಮನೆ ಪರವಾಗಿ ಒಬ್ಬರು ಎಲ್ಲರ ಎದುರು ಹೇಳೋದೇ ಈ ಅರಿಕೆ. ಆಶೀರ್ವಾದ ಮಗುವಿನ ಕಡೆ ಮುಖ ಮಾಡಿ ಹೇಳೋದು, ಅರಿಕೆ ದೇವರ ಕಡೆ ಮುಖ ಮಾಡಿ ಹೇಳೋದು. ಎರಡನ್ನೂ ಕಲಸಬೇಡಿ.

ಯಾವ ಹೊತ್ತಿಗೆ ಹೇಳ್ಬೇಕು?

ಪುಣ್ಯಾಹ ಆದ್ಮೇಲೆ, ಕಿವಿಯಲ್ಲಿ ಹೆಸರು ಹೇಳೋಕೆ ಮುಂಚೆ. ಇನ್ನೂ ಹೆಸರಿರಲ್ಲ, ಅದಕ್ಕೇ ಅರಿಕೆಯಲ್ಲಿ "ಈ ಕೂಸು" ಅಂತಲೇ ಅಂತಾರೆ. ಹೆಸರಿಟ್ಟ ಮೇಲೆ ಹೇಳೋಣ ಅಂತ ಬಿಟ್ರೆ ಕೆಟ್ಟಿತು, ಎಲ್ಲರೂ ತೊಟ್ಟಿಲ ಹತ್ರ ಹೋಗ್ತಾರೆ, ಹೆಂಗಸರು ಜೋಗುಳ ಶುರು ಮಾಡ್ತಾರೆ, ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸ್ತಾನೆ, ಅಡುಗೆ ಭಟ್ಟರು ಎಲೆ ಹಾಕ್ಲಾ ಅಂತ ಕೇಳ್ತಾರೆ, ಅಜ್ಜ ಒಬ್ಬರೇ ದೇವರ ಮುಂದೆ ನಿಂತ್ಕೊಂಡು ಗೋಡೆಗೆ ಹೇಳ್ಬೇಕು. ಮುಹೂರ್ತ ಹತ್ರ ಇದ್ರೆ ಪುರೋಹಿತರಿಗೆ ಮುಂಚೆನೇ "ಒಂದೈದು ನಿಮಿಷ ಬೇಕು" ಅಂದುಬಿಡಿ. ನಮ್ಮ ಕಡೆಯ ಭಟ್ಟರಿಗೆ ಇದು ಗೊತ್ತಿರತ್ತೆ, ಪೇಟೆಯಲ್ಲಿ ಹೊಸಬರು ಬಂದ್ರೆ ಹೇಳದೆ ಇದ್ದರೆ ಸೀದಾ ಮುಂದೆ ಹೋಗ್ತಾರೆ.

ಅಪ್ಪನ ಕಡೆ ಅಜ್ಜ ಹೇಳೋದಾ, ಅಮ್ಮನ ಕಡೆ ಅಜ್ಜ ಹೇಳೋದಾ?

ಜಾಸ್ತಿ ಜನ ಕೇಳೋದು ಇದನ್ನೇ, ಮತ್ತೆ ಜಾಸ್ತಿ ಮನಸ್ತಾಪ ಆಗೋದೂ ಇದರಲ್ಲೇ.

ತೊಂದರೆ ಎಲ್ಲಿಂದ ಬರತ್ತೆ ಅಂದ್ರೆ, ಮೊದಲ ಬಾಣಂತನ ತವರಲ್ಲಿ, ನಾಮಕರಣವೂ ಸುಮಾರು ಮನೆಗಳಲ್ಲಿ ಅಲ್ಲೇ ಆಗತ್ತೆ. ಅಂದ್ರೆ ಉರೀತಿರೋ ದೀಪ ಅಮ್ಮನ ಕಡೆ ಮನೆ ದೇವರದ್ದು, ಆದ್ರೆ ಹುಟ್ಟಿದ ಮಗುವಿನ ಮನೆದೇವರು ಅಪ್ಪನ ಕಡೆಯದ್ದು. ಬೀಗರು ಬೆಳಿಗ್ಗೆ ವ್ಯಾನ್ ಇಳಿದು ಬಂದವರು, ಅವರ ದೇವರು ಎಪ್ಪತ್ತು ಕಿಲೋಮೀಟರ್ ಆಚೆ. ಒಬ್ಬರು ಮಾತ್ರ ಹೇಳಿದ್ರೆ ಇನ್ನೊಬ್ಬರಿಗೆ ಕಸಿವಿಸಿ ಆಗತ್ತೆ, ಅದು ಆಗ ಗೊತ್ತಾಗಲ್ಲ, ಊಟ ಆಗಿ ಹೊರಡುವಾಗ ಕವಳ ಹಾಕ್ಕೊಂಡು ಒಂದು ಮಾತು ಅಂದು ಹೋಗ್ತಾರೆ, ಅದು ಮಗುವಿನ ಮದುವೆವರೆಗೂ ಉಳಿಯತ್ತೆ.

ಸರಿಯಾಗಿ ನಡೆಯೋ ಮನೆಗಳಲ್ಲಿ ಹೀಗೆ ಮಾಡ್ತಾರೆ: ಮೊದಲು ಮನೆ ಯಜಮಾನ್ರು, ಅಂದ್ರೆ ಯಾರ ಮನೆಯಲ್ಲಿ ದೀಪ ಹಚ್ಚಿದೆಯೋ ಅವರು, ತಮ್ಮ ದೇವರಿಗೆ ಹೇಳಿ ಮುಗಿಸ್ತಾರೆ. ಅವರ ಕೊನೇ ಮಾತು ಮಗುವನ್ನ ಬೀಗರ ಮನೆದೇವರಿಗೆ ಒಪ್ಪಿಸೋದಾಗಿರತ್ತೆ. ಆಮೇಲೆ ಅಪ್ಪನ ಕಡೆ ಅಜ್ಜ ಅದೇ ದೀಪದ ಮುಂದೆ ನಿಂತು ತಮ್ಮ ಮನೆದೇವರನ್ನ ನೆನೆದು, ಕೊಟ್ಟಿದ್ದನ್ನ ತಗೊಂಡ ಹಾಗೆ ಮಾತು ಶುರು ಮಾಡ್ತಾರೆ. ದೇವರು ದೂರ ಇದ್ರೆ ಆ ದಿಕ್ಕಿಗೆ ಒಂದ್ಸಲ ಕೈ ಮುಗಿದು ಆಮೇಲೆ ದೀಪದ ಕಡೆ ತಿರುಗೋದು. ನಾಮಕರಣ ಅಪ್ಪನ ಮನೆಯಲ್ಲೇ ಆದ್ರೆ ಸರದಿ ಉಲ್ಟಾ ಆಗತ್ತೆ ಅನ್ಕೋಬೇಡಿ, ಅಲ್ಲೂ ಅಮ್ಮನ ಕಡೆಯವರಿಗೆ ಮೊದಲು ಮಾತು ಬಿಡೋದು ಚಂದ, ಮಗಳನ್ನ ಹೆತ್ತು ಬಾಣಂತನ ಮಾಡಿದವರು ಅವರು.

ಅಜ್ಜಿ ಹೇಳ್ಬಹುದಾ? ಅಜ್ಜ ತೀರಿಕೊಂಡಿದ್ರೆ?

ಧಾರಾಳವಾಗಿ. ರೂಢಿಯಲ್ಲಿ ಅಜ್ಜ ಮಾತಾಡ್ತಾರೆ, ಅಜ್ಜಿ ಪಕ್ಕದಲ್ಲಿ ಆರತಿ ತಟ್ಟೆ ಹಿಡ್ಕೊಂಡು ನಿಲ್ತಾರೆ, ಅಜ್ಜ ಮರೆತ ಹರಕೆನ ಮೆಲ್ಲಗೆ ಹೇಳಿಕೊಡೋದೂ ಅವರೇ. ಹರಕೆ ಹೊತ್ತವರೂ ಮುಕ್ಕಾಲು ಪಾಲು ಅವರೇ ಇರ್ತಾರೆ, ಹಾಗಿದ್ಮೇಲೆ ತೀರಿಸೋ ಮಾತು ಅವರ ಬಾಯಲ್ಲೇ ಬಂದ್ರೆ ತಪ್ಪೇನು?

ಅಜ್ಜ ಇಲ್ಲದ ಮನೆಗಳಲ್ಲಿ ಅಜ್ಜಿನ ಹಿಂದೆ ನಿಲ್ಲಿಸಿ, ದೊಡ್ಡಪ್ಪನೋ ಚಿಕ್ಕಪ್ಪನೋ ಬಂದು ಹೇಳೋದನ್ನ ನೋಡಿದೀನಿ. ನಂಗೆ ಅದು ಸರಿ ಕಾಣಲ್ಲ. ಕಾಯಿ ಒಡೆಯೋದು ಬೇಕಾದ್ರೆ ಮಗ ಒಡೀಲಿ, ಮಾತು ಅಜ್ಜಿದೇ ಇರ್ಲಿ. ತೀರಿಕೊಂಡ ಅಜ್ಜನ್ನ ಹಿರೀಕರ ಜೊತೆ ಸೇರಿಸಿ ಒಂದು ಮಾತು ನೆನೆದ್ರೆ ಆಯ್ತು. ಅಲ್ಲೇ ನಿಂತು ಅವರ ಬಗ್ಗೆ ಉದ್ದಕ್ಕೆ ಹೇಳೋಕೆ ಹೋದ್ರೆ ಮನೆ ಮಂದಿಗೆಲ್ಲ ಕಣ್ಣೀರು ಬಂದು ಹೆಸರಿಡೋ ಮುಹೂರ್ತ ದಾಟತ್ತೆ.

ಕೈಯಲ್ಲಿ ಏನು ಹಿಡ್ಕೋಬೇಕು?

ಒಂದು ಜುಟ್ಟಿರೋ ತೆಂಗಿನಕಾಯಿ, ಸ್ವಲ್ಪ ಅಕ್ಷತೆ. ವೀಳ್ಯದೆಲೆ ಅಡಿಕೆ ತಟ್ಟೆಯಲ್ಲಿರ್ಲಿ. ತೋಟ ಇದ್ದವರು ಅಡಿಕೆ ಹೂವಿನ ಸಿಂಗಾರ ಇಡ್ತಾರೆ, ನಾಗನಿಗೂ ಚೌಡಿಗೂ ಸಿಂಗಾರ ಆಗ್ಬೇಕಲ್ಲ, ಸಿಗದಿದ್ರೆ ಚಿಂತೆ ಇಲ್ಲ. ಅರಿಕೆ ಮುಗಿಯೋವರೆಗೂ ಕಾಯಿ ಕೈಯಲ್ಲೇ ಇರ್ಬೇಕು, ಮುಗಿದ ಮೇಲೆ ಒಡೆಯೋದು. ಕಾಯಿ ಹಿಡ್ಕೊಂಡು ಮಾತಾಡೋದ್ರಲ್ಲಿ ಒಂದು ಉಪಯೋಗ ಇದೆ, ಅರ್ಧ ಕೆಜಿ ಭಾರ ಎರಡೂ ಕೈಯಲ್ಲಿದ್ರೆ ಯಾವ ಅಜ್ಜನೂ ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಲ್ಲ.

ಕಾಯಿ ಆರಿಸೋವಾಗ ಕಿವಿ ಹತ್ರ ಅಲ್ಲಾಡಿಸಿ ನೋಡಿ, ನೀರು ಚೆನ್ನಾಗಿ ಕುಲುಕಬೇಕು. ಜುಟ್ಟು ಸ್ವಲ್ಪ ಸರಿಸಿ ಕಣ್ಣು ನೋಡಿ, ಅಲ್ಲಿ ಒದ್ದೆ ಇದ್ರೆ, ಬೂಷ್ಟು ಹಿಡಿದಿದ್ರೆ ಒಳಗೆ ಕೆಟ್ಟಿರತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ಜಾಸ್ತಿ, ಅಟ್ಟದಲ್ಲಿಟ್ಟ ಕಾಯಿಗೂ ಬೂಷ್ಟು ಬರತ್ತೆ. ಎರಡು ಕಾಯಿ ಜಾಸ್ತಿನೇ ಇಟ್ಕೊಳಿ.

ಅಷ್ಟಾದ್ರೂ ಕಾಯಿ ಕೆಟ್ಟು ಬಂದ್ರೆ?

ಬೇರೆ ಕಾಯಿ ತಗೊಂಡು ಒಡೀರಿ. ಆಗ ಯಾರಾದ್ರೂ ಒಬ್ಬ ದೊಡ್ಡವರು ತಕ್ಷಣ "ಕೂಸಿಗಿದ್ದ ದೃಷ್ಟಿ ಕಾಯಿಗೆ ಹೋಯ್ತು, ಒಳ್ಳೇದೇ ಆಯ್ತು" ಅಂದುಬಿಡ್ಬೇಕು, ತಡ ಮಾಡ್ಬಾರ್ದು. ಬಾಣಂತಿ ಮುಖ ನೋಡಿ, ಅವಳು ಅದನ್ನೇ ಮನಸ್ಸಿಗೆ ಹಚ್ಕೊಂಡು ಕೂರ್ತಾಳೆ.

ಏನೇನು ಹೇಳ್ಬೇಕು, ಯಾವ ಕ್ರಮದಲ್ಲಿ?

ಬಾಯಿಪಾಠದ ಸಾಲು ಅಂತ ಇಲ್ಲ, ಆದ್ರೆ ದಾರಿ ಒಂದಿದೆ.

ಮೊದಲು ಕರೆಯೋದು. ಮನೆದೇವರು, ಆಮೇಲೆ ಊರ ದೇವರು, ಆಮೇಲೆ ತೋಟ ಗದ್ದೆ ಕಾಯೋ ಚೌಡಿ, ಭೂತ, ನಾಗ, ಕೊನೆಗೆ ಹಿರೀಕರು. ಮೇಲಿಂದ ಕೆಳಗೆ ಬರೋದು ಅಂತ ಇಟ್ಕೊಳಿ. ಹೆಸರು ಗೊತ್ತಿಲ್ಲದ ಬನದ ದೇವರುಗಳಿಗೆ "ಕಂಡ ದೇವರು ಕಾಣದ ದೇವರು" ಅಂತ ಒಂದೇ ಮಾತಲ್ಲಿ ಸೇರಿಸಿಬಿಡ್ತಾರೆ. ನಿಮ್ಮ ಮನೆಯಲ್ಲಿ ಭೂತಕ್ಕೆ ನಡ್ಕೊಳಲ್ಲ ಅಂದ್ರೆ ಅದನ್ನ ತುರುಕೋ ಅಗತ್ಯ ಇಲ್ಲ.

ಆಮೇಲೆ ತಾವ್ಯಾರು, ಯಾವ ಊರು, ಇದು ಯಾರ ಮಗನ ಅಥವಾ ಮಗಳ ಕೂಸು ಅನ್ನೋದು. ದೇವರಿಗೆ ಗೊತ್ತಿಲ್ವಾ ಅಂತ ಹುಡುಗ್ರು ನಗ್ತಾರೆ, ನಗಲಿ. ಈ ಮಾತು ಅರ್ಧ ದೇವರಿಗೆ, ಅರ್ಧ ಕೂತವರಿಗೆ.

ಮೂರನೇದು ನಡೆದದ್ದು. ಇಲ್ಲೇ ಅಜ್ಜಂದಿರು ಬೇಗ ಓಡೋದು, "ಎಲ್ಲ ಚೆನ್ನಾಗಾಯ್ತು, ನಿನ್ನ ದಯೆ" ಅಂದು ಮುಗಿಸ್ತಾರೆ. ಹಾಗೆ ಮಾಡ್ಬೇಡಿ. ಏನಾಯ್ತು ಅನ್ನೋದನ್ನ ಎರಡು ಮೂರು ಮಾತಲ್ಲಿ ಇದ್ದ ಹಾಗೇ ಹೇಳಿ. ರಾತ್ರಿ ಹೊತ್ತು ಮಳೆಯಲ್ಲಿ ಘಾಟಿ ಇಳಿಸಿಕೊಂಡು ಹೋಗಿದ್ದು, ಆಪರೇಷನ್ ಆಗಿದ್ದು, ಕೂಸನ್ನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದು, ಯಾವುದು ನಡೀತೋ ಅದು. ತಾಯಿನ ಮರೆತು ಬರೀ ಮಗುವಿನ ಬಗ್ಗೆ ಹೇಳೋದು ಎಲ್ಲಾ ಕಡೆ ಆಗೋ ತಪ್ಪು, "ಎರಡು ಜೀವ ಬೇರೆ ಮಾಡಿ ಕೊಟ್ಟೆ" ಅಂತ ಇಬ್ಬರನ್ನೂ ಸೇರಿಸಿ ಹೇಳ್ಬೇಕು.

ನಾಲ್ಕನೇದು ಹರಕೆ. ಯಾರು ಹೊತ್ತಿದ್ದು, ಯಾವ ದೇವರಿಗೆ, ಏನು, ಯಾವಾಗ ತೀರಿಸೋದು. ಕಿರಾಣಿ ಅಂಗಡಿ ಖಾತೆ ಪುಸ್ತಕ ಓದಿದ ಹಾಗೆ ಒಂದೊಂದೇ ಹೇಳ್ಬೇಕು, ಅಲಂಕಾರ ಬೇಡ.

ಕೊನೆಗೆ ಕೇಳ್ಕೊಳ್ಳೋದು, ಆಯುಷ್ಯ, ಆರೋಗ್ಯ, ಒಳ್ಳೆ ಬುದ್ಧಿ, ಬಾಣಂತಿಗೆ ಮೈ ಗಟ್ಟಿಯಾಗೋದು. ಆಮೇಲೆ "ನಡೆಯಲ್ಲಿ ನುಡಿಯಲ್ಲಿ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೋ" ಅಂತ ಅಂದು ಮುಗಿಸೋದು. ಕೂತವರು "ಹಾಗೇ ಆಗ್ಲಿ" ಅಂತಾರೆ, ಕಾಯಿ ಒಡೀತಾರೆ.

ಒಂದು ಪೂರ್ತಿ ಉದಾಹರಣೆ ಕೊಡಿ, ಹೇಗೆ ಕೇಳ್ಸತ್ತೆ ಅಂತ ಗೊತ್ತಾಗ್ಬೇಕು.

ಹೀಗೊಂದು ಮನೆ ಇಟ್ಕೊಳೋಣ. ಅಮ್ಮನ ತವರು ತೀರ್ಥಹಳ್ಳಿ ಹತ್ರ, ಅಪ್ಪನ ಮನೆ ಸಾಗರ ತಾಲ್ಲೂಕು. ಹೆಣ್ಣು ಕೂಸು, 34 ವಾರಕ್ಕೇ ಹುಟ್ಟಿದ್ದು, ತೂಕ ಎರಡು ಕೆಜಿ ಒಳಗೆ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಎನ್‌ಐಸಿಯುನಲ್ಲಿತ್ತು. ಹನ್ನೊಂದನೇ ದಿನ ಮಗು ಮನೆಯಲ್ಲೇ ಇರ್ಲಿಲ್ಲ, ಹಾಗಾಗಿ ಶುದ್ಧಿ ಮಾತ್ರ ಮಾಡ್ಕೊಂಡು ನಾಮಕರಣನ ತಿಂಗಳ ಹತ್ರಕ್ಕೆ ಇಟ್ಟುಕೊಂಡ್ರು. ಹಿಂದಿನ ದಿನ ಕೂತು ವಿಚಾರಿಸಿದಾಗ ಮೂರು ಹರಕೆ ಹೊರಬಂತು: ಅಮ್ಮನ ಅಪ್ಪ ತೀರ್ಥಹಳ್ಳಿ ರಾಮೇಶ್ವರನಿಗೆ ರುದ್ರಾಭಿಷೇಕ ಅಂದಿದ್ರು, ಅಪ್ಪನ ಅಮ್ಮ ಸಿಗಂದೂರು ಚೌಡೇಶ್ವರಿಗೆ ಉಡಿ ತುಂಬ್ತೀನಿ ಅಂದಿದ್ರು, ಬಾಣಂತಿ ಯಾರಿಗೂ ಹೇಳದೆ ಧರ್ಮಸ್ಥಳದಲ್ಲಿ ಕೂಸಿಗೆ ತುಲಾಭಾರ ಅಂತ ಹೇಳ್ಕೊಂಡಿದ್ಲು.

ಮೊದಲು ಅಮ್ಮನ ಅಪ್ಪ:

"ಅಪ್ಪಾ ರಾಮೇಶ್ವರ, ತುಂಗೆ ದಡದಲ್ಲಿ ಕೂತವನೇ, ಈ ಮನೆ ದೀಪದಲ್ಲಿರೋ ದೇವರೇ, ತೋಟ ಕಾಯೋ ಚೌಡಿ, ನಾಗ, ನಮ್ಮ ಹಿರೀಕರೇ. ಈ ಮನೆ ಮಗಳು ತುಂಬಿದ ಬಸುರಿ ತವರಿಗೆ ಬಂದ್ಲು. ದಿನ ತುಂಬೋಕೆ ಮುಂಚೆ ನೋವು ಬಂತು, ನಮಗೆಲ್ಲ ಕೈಕಾಲು ಆಡಲಿಲ್ಲ. ನೀನು ಎರಡು ಜೀವ ಬೇರೆ ಮಾಡಿ ಕೊಟ್ಟೆ. ಕೂಸು ಹನ್ನೆರಡು ದಿನ ತಾಯಿ ಮಡಿಲು ಕಾಣದೆ ಪೆಟ್ಟಿಗೆಯಲ್ಲಿತ್ತು, ಅಲ್ಲೂ ಕಾದೆ. ನೋಡಿಕೊಂಡ ಡಾಕ್ಟರು ನರ್ಸಮ್ಮಂದಿರನ್ನೂ ಚೆನ್ನಾಗಿಡು. ಆ ರಾತ್ರಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನಿಂಗೆ ಒಂದು ರುದ್ರಾಭಿಷೇಕ ಅಂದಿದ್ದೆ, ಬರೋ ಸೋಮವಾರ ಬಂದು ಮಾಡಿಸ್ತೀನಿ. ನನ್ನ ಮಗಳಿಗೆ ಮೈ ಗಟ್ಟಿ ಮಾಡು. ಈ ಕೂಸು ಇನ್ನು ಬೀಗರ ಮನೆ ಬೆಳಕು, ಅವರ ದೇವರಿಗೆ ಒಪ್ಪಿಸ್ತಿದೀನಿ, ನಿಂದೂ ಒಂದು ಕಣ್ಣು ಇದರ ಮೇಲಿರ್ಲಿ."

ಆಮೇಲೆ ಅಪ್ಪನ ಅಪ್ಪ:

"ಸ್ವಾಮಿ ಇಕ್ಕೇರಿ ಅಘೋರೇಶ್ವರ, ಸಾಗರದ ಮಾರಮ್ಮ, ಸಿಗಂದೂರು ತಾಯಿ, ಕಂಡ ದೇವರು ಕಾಣದ ದೇವರುಗಳೇ, ನಮ್ಮ ಅಪ್ಪ ಅಜ್ಜಂದಿರೇ. ಬೀಗರು ಕೊಟ್ಟಿದ್ದನ್ನ ಸೆರಗೊಡ್ಡಿ ತಗೊಂಡಿದೀವಿ. ನಮ್ಮ ಮನೆಗೆ ಹೆಣ್ಣು ಕೂಸು ಬಂತು, ಮನೆ ತುಂಬ್ತು. ನಾವು ಏನು ಹೇಳ್ಕೊಂಡಿದೀವೋ ಅದನ್ನ ಎಲ್ಲರ ಎದುರು ಹೇಳ್ತೀನಿ. ಇದರ ಅಜ್ಜಿ ಸಿಗಂದೂರಲ್ಲಿ ಉಡಿ ತುಂಬ್ತೀನಿ ಅಂದಿದಾಳೆ, ಈ ತಿಂಗಳಲ್ಲಿ ನಾವಿಬ್ರು ಹೋಗಿ ಮುಗಿಸ್ತೀವಿ. ಇದರ ತಾಯಿ ಧರ್ಮಸ್ಥಳದ ಮಂಜುನಾಥ ಸ್ವಾಮಿಗೆ ತುಲಾಭಾರ ಅಂದಿದಾಳೆ, ಕೂಸಿಗೆ ಕುತ್ತಿಗೆ ನಿಂತು ಮೈ ತುಂಬಿದ ಮೇಲೆ, ವರ್ಷದೊಳಗೆ ಕರ್ಕೊಂಡು ಬರ್ತೀವಿ, ಅಲ್ಲಿವರೆಗೆ ಮುಡಿಪು ಮನೆಯಲ್ಲಿರತ್ತೆ. ಕೂಸಿಗೆ ಆಯುಷ್ಯ ಕೊಡು, ತಾಯಿಗೆ ಹಾಲು ಕೊಡು, ಮನೆಯವರಿಗೆ ಒಂದೇ ಮನಸ್ಸು ಕೊಡು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೋ. ಹೆಸರಿಡ್ತಿದೀವಿ, ಅಪ್ಪಣೆ ಕೊಡು."

ಆಮೇಲೆ ಅಜ್ಜಿ ಒಂದೇ ಮಾತು, "ತಾಯಿ, ನಿನ್ನ ಹೆಸರು ಹೇಳ್ಕೊಂಡೇ ಹನ್ನೆರಡು ರಾತ್ರಿ ಕಳೆದೆ, ಮರೀಲಿಲ್ಲ, ಬರ್ತೀನಿ." ಎಲ್ಲಾ ಸೇರಿ ನಾಲ್ಕು ನಿಮಿಷ ಆಗಬಹುದು.

ಗಮನಿಸಿ ನೋಡಿ, ಸಿಗಂದೂರು ಬೇಗ, ಧರ್ಮಸ್ಥಳ ತಡ. ಉಡಿ ತುಂಬೋಕೆ ಮಗು ಬೇಕಾಗಿಲ್ಲ, ದೊಡ್ಡವರು ಹೋಗಿ ಬಂದ್ರೆ ಆಯ್ತು. 2025ರಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ್ಮೇಲಂತೂ ಲಾಂಚ್ ಕಾಯೋ ಕಷ್ಟವೂ ಇಲ್ಲ. ತುಲಾಭಾರಕ್ಕೆ ಕೂಸೇ ತಕ್ಕಡಿಯಲ್ಲಿ ಕೂರ್ಬೇಕು, ಬೇಗ ಹುಟ್ಟಿದ ಎಳೆ ಮಗುನ ಘಾಟಿ ಇಳಿಸಿ ಜನಜಂಗುಳಿಗೆ ಕರ್ಕೊಂಡು ಹೋಗೋ ಅವಸರ ಬೇಡ. ಹರಕೆ ಹೇಳೋವಾಗ ಹೀಗೆ ಮಗು ಬೇಕಾದ್ದು, ಬೇಡದ್ದು ಅಂತ ಬೇರೆ ಮಾಡಿ ಅವಧಿ ಹೇಳಿಬಿಟ್ರೆ ಆಮೇಲೆ "ಇನ್ನೂ ಹೋಗಿಲ್ವಾ" ಅಂತ ಯಾರೂ ಬಾಣಂತಿ ಜೀವ ತಿನ್ನಲ್ಲ.

ಯಾರು ಏನು ಹರಕೆ ಹೊತ್ತಿದ್ರು ಅಂತ ಗೊತ್ತಿಲ್ಲ, ಏನು ಮಾಡೋದು?

ಹಿಂದಿನ ದಿನ ಕೂತು ಒಬ್ಬೊಬ್ಬರನ್ನೇ ಕೇಳಿ. ಬಾಣಂತಿನ ಮೊದಲು ಕೇಳಿ, ಅವಳ ಗಂಡನ್ನ ಬೇರೆಯಾಗಿ ಕೇಳಿ. ಗಂಡಸ್ರು ದೇವರು ದಿಂಡರು ಅಂತ ನಗಾಡ್ಕೊಂಡು ಓಡಾಡೋರು ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಏನೇನೋ ಹೇಳ್ಕೊಂಡಿರ್ತಾರೆ. ಅತ್ತೆ, ಚಿಕ್ಕಮ್ಮಂದಿರು, ದೂರದಲ್ಲಿರೋ ಅಣ್ಣ ತಮ್ಮಂದಿರಿಗೂ ಒಂದು ಫೋನ್ ಮಾಡಿ. ಒಂದು ಚೀಟಿಯಲ್ಲಿ ಬರ್ಕೊಳಿ. ಅಷ್ಟಾಗಿಯೂ ಬಿಟ್ಟುಹೋಗಿದ್ರೆ ಅರಿಕೆಯಲ್ಲಿ "ನಮ್ಮವರು ಹೇಳ್ಕೊಂಡು ಮರೆತದ್ದು ಏನಾದ್ರೂ ಇದ್ರೆ ನೆನಪು ಮಾಡ್ಕೊಡು, ತೀರಿಸ್ತೀವಿ" ಅಂತ ಒಂದು ಮಾತು ಸೇರಿಸಿ. ಸಮಾಧಾನ ಇಲ್ಲದವರು ತಪ್ಪುಕಾಣಿಕೆ ಅಂತ ಒಂದಿಷ್ಟು ತೆಗೆದಿಡ್ತಾರೆ.

ಆ ಹೊತ್ತಲ್ಲೇ ಹೊಸ ಹರಕೆ ಹೊರಬಹುದಾ?

ಬೇಡ. ಖುಷಿಯಲ್ಲಿ ಬಾಯಿ ಜಾರತ್ತೆ. "ಬೆಳ್ಳಿ ತೊಟ್ಟಿಲು ಮಾಡಿಸ್ತೀನಿ" ಅಂತ ಅಜ್ಜ ಅಂದುಬಿಟ್ರೆ ತೀರಿಸ್ಬೇಕಾದವನು ಮಗ, ಅವನು ಮನೆ ಸಾಲದಲ್ಲಿರ್ತಾನೆ. ಇದ್ದದ್ದನ್ನ ಹೇಳಿ, ಹೊಸದನ್ನ ಕಟ್ಟಬೇಡಿ.

ಏನು ಹೇಳ್ಲೇಬಾರದು?

"ಮುಂದಿನ ಸಲ ಗಂಡಾಗ್ಲಿ." ಇದನ್ನ ಯಾವ ರೂಪದಲ್ಲೂ, ತಮಾಷೆಗೂ ಹೇಳ್ಬೇಡಿ. ಅರಿಕೆ ಮಾಡ್ತಿರೋದು ಸಿಕ್ಕಿದ್ದಕ್ಕೆ, ಇನ್ನೊಂದು ಬೇಡೋಕಲ್ಲ. ಹನ್ನೊಂದು ದಿನದ ಬಾಣಂತಿ ಅಲ್ಲೇ ಮಣೆ ಮೇಲೆ ಕೂತಿರ್ತಾಳೆ, ಆ ಮಾತನ್ನ ಅವಳು ಯಾವತ್ತೂ ಮರೆಯಲ್ಲ.

ಹಾಗೇ "ಇಷ್ಟು ವರ್ಷ ಆದ್ಮೇಲೆ ಕೊನೆಗೂ ಆಯ್ತು", "ಎಷ್ಟು ಖರ್ಚಾಯ್ತು" ಅನ್ನೋದೂ ಬೇಡ. ಚಿಕಿತ್ಸೆ ತಗೊಂಡು ಆದ ಮಗು ಆಗಿದ್ರೆ ಅದನ್ನ ಹೇಳೋದು ಬಿಡೋದು ಅಪ್ಪ ಅಮ್ಮನಿಗೆ ಬಿಟ್ಟಿದ್ದು, ಅಜ್ಜನಿಗಲ್ಲ. ಹಿಂದೆ ಒಂದು ಮಗು ಹೋಗಿದ್ರೆ ಅದನ್ನ ಎತ್ತೋಕೆ ಮುಂಚೆ ಬಾಣಂತಿನ ಕೇಳಿ. ಕೆಲವರಿಗೆ ಆ ಮಗುವಿನ ನೆನಪು ಬರ್ಬೇಕು ಅನ್ಸತ್ತೆ, ಕೆಲವರಿಗೆ ತಡೆಯೋಕಾಗಲ್ಲ. ಅಳಿಯನನ್ನ ಹೊಗಳೋದು, ಜಾಗದ ವ್ಯಾಜ್ಯ ಬಗೆಹರೀಲಿ ಅಂತ ಕೇಳೋದು, ಇವೆಲ್ಲ ಇನ್ನೊಂದು ದಿನಕ್ಕಿರ್ಲಿ.

ಮಗು ಇನ್ನೂ ಆಸ್ಪತ್ರೆಯಲ್ಲಿದ್ರೆ ಹನ್ನೊಂದನೇ ದಿನ ಅರಿಕೆ ಮಾಡ್ಬಹುದಾ?

ಪುರುಡು ಕಳೆಯೋದು ದಿನದ ಲೆಕ್ಕ, ಮಗು ಮನೆಗೆ ಬಂದಿರ್ಲೇಬೇಕು ಅಂತಿಲ್ಲ. ಶುದ್ಧಿ ಮಾಡ್ಕೊಂಡು ದೀಪ ಹಚ್ಚಿ "ಕಾಪಾಡು" ಅಂತ ಕೇಳ್ಕೊಳಿ. ಹರಕೆ ಲೆಕ್ಕ ಹೇಳೋ ಪೂರ್ತಿ ಅರಿಕೆನ ಮಗು ಮನೆಗೆ ಬಂದು ಹೆಸರಿಡೋ ದಿನಕ್ಕೆ ಇಟ್ಕೊಳಿ. ದಿನ ಯಾವುದು ಅಂತ ಪುರೋಹಿತರನ್ನ ಕೇಳಿ, ಆದ್ರೆ ಅವರಿಗಿಂತ ಮುಂಚೆ ಮಕ್ಕಳ ಡಾಕ್ಟರನ್ನ ಕೇಳಿ. ಬೇಗ ಹುಟ್ಟಿದ ಮಗು ಇರೋ ಕೋಣೆಯಲ್ಲಿ ಲೋಬಾನದ ಹೊಗೆ ಬೇಡ. ಆರತಿ ಆದ್ಮೇಲೆ ಎಲ್ಲರೂ ಕೆನ್ನೆ ಮುಟ್ಟೋದೂ ಬೇಡ.

ಚಿನ್ನದ ಉಂಗುರದಲ್ಲಿ ಜೇನುತುಪ್ಪ ನೆಕ್ಕಿಸೋದು ಅಜ್ಜಿ ಕೆಲಸ ಅಂತಾರಲ್ಲ?

ವರ್ಷ ತುಂಬೋವರೆಗೆ ಜೇನು ಬೇಡ, ನಿಮ್ಮ ತೋಟದ ಪೆಟ್ಟಿಗೆಯದ್ದೇ ಶುದ್ಧ ಜೇನಾದ್ರೂ ಬೇಡ. ಜೇನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡತ್ತೆ, ಅದಕ್ಕೆ ಬೊಟುಲಿಸಂ ಅಂತಾರೆ. ಮಲಬದ್ಧತೆ ಆಗತ್ತೆ, ಅಳು ಸಣ್ಣಗಾಗತ್ತೆ, ಹಾಲು ಚೀಪೋ ಶಕ್ತಿ ಹೋಗತ್ತೆ, ಉಸಿರಿಗೂ ತೊಂದರೆ ಬರಬಹುದು. ಮನೆಯಲ್ಲಿ ಕಾಯಿಸಿದ್ರೆ ಆ ಬೀಜಾಣು ಸಾಯಲ್ಲ. ಜೇನನ್ನ ದೇವರಿಗೆ ನೈವೇದ್ಯಕ್ಕಿಡಿ, ಅರಿಕೆಯಲ್ಲಿ ಬೇಕಾದ್ರೆ "ಕೂಸಿನ ಮಾತು ಜೇನಾಗ್ಲಿ" ಅಂತ ಬಾಯಲ್ಲಿ ಹೇಳಿ. ಮಗುವಿನ ಬಾಯಿಗೆ ತಾಯಿ ಹಾಲು ಮಾತ್ರ.

ನಾವು ಲಿಂಗಾಯತರು, ನಮ್ಮಲ್ಲಿ ಪುರುಡು ಇಲ್ಲ ಅಂತಾರೆ. ನಮಗೆ ಇದು ಹೇಗೆ?

ಶರಣರ ಮಾತಿನ ಪ್ರಕಾರ ಜನನ ಸೂತಕ ಇಲ್ಲ, ಐದು ಸೂತಕವನ್ನೂ ಅವರು ಒಪ್ಪಲಿಲ್ಲ. ಹಾಗಾಗಿ ಹತ್ತು ದಿನ ಬಾಯಿ ಕಟ್ಟಿಕೊಂಡು ಕೂರೋ ಮಾತಿಲ್ಲ, ಹುಟ್ಟಿದ ದಿನವೇ ಇಷ್ಟಲಿಂಗ ಹಿಡಿದು ಹೇಳ್ಕೋಬಹುದು. ಆದ್ರೂ ನೆಂಟರೆಲ್ಲ ಸೇರಿ ತೊಟ್ಟಿಲಿಗೆ ಹಾಕೋ ದಿನ ಅಜ್ಜ ಅಜ್ಜಿ ಎಲ್ಲರ ಎದುರು ಹೇಳೋದು ನಮ್ಮ ಶಿಕಾರಿಪುರ, ಸೊರಬ ಕಡೆ ಇದೆ. ಕ್ರಮ ಇದೇ, ಕರೆಯೋ ಹೆಸರು ಬೇರೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಲ್ಲೇ ಇರೋದು, ಹೆಣ್ಣು ಕೂಸಾದ್ರೆ ಅಜ್ಜಿಯರು ಅಕ್ಕನ್ನ ನೆನೆಯದೆ ಬಿಡಲ್ಲ. ನೀವು ಹೇಳೋ ವಚನ ಯಾವುದಿದ್ರೂ ಅದನ್ನ ಕೊನೆಯಲ್ಲಿ ಇಟ್ಕೊಳಿ.

ಬರ್ಕೊಂಡು ಓದಬಹುದಾ? ಅಳು ಬಂದ್ರೆ?

ಹರಕೆ ಚೀಟಿ ಜೇಬಲ್ಲಿರ್ಲಿ, ಅದನ್ನ ನೋಡ್ಕೊಂಡು ಹೇಳಿದ್ರೆ ತಪ್ಪಿಲ್ಲ. ಪೂರ್ತಿ ಬರೆದು ಓದಿದ್ರೆ ಮಾತ್ರ ವರದಿ ಓದಿದ ಹಾಗಿರತ್ತೆ. ಮೊಬೈಲ್ ನೋಡ್ಕೊಂಡು ಓದೋದಂತೂ ನೋಡೋಕಾಗಲ್ಲ, ಮಧ್ಯ ಕರೆ ಬರತ್ತೆ ಬೇರೆ. ಅಳು ಬಂದ್ರೆ ಬರ್ಲಿ. ಕಾಯಿನ ಪಕ್ಕದವರ ಕೈಗೆ ಕೊಟ್ಟು ಸುಧಾರಿಸ್ಕೊಂಡು ಮುಂದುವರಿಸಿ, ಆಗ್ಲೇ ಇಲ್ಲ ಅಂದ್ರೆ ಅಜ್ಜಿ ಮುಗಿಸ್ಲಿ. ಅಲ್ಲಿ ಯಾರೂ ನಿಮ್ಮ ಭಾಷಣ ಅಳೆಯೋಕೆ ಬಂದಿರಲ್ಲ.

ಅಜ್ಜ ಹಾಸಿಗೆ ಹಿಡಿದಿದಾರೆ, ಅಥವಾ ಮಗ ಸೊಸೆ ಅಮೆರಿಕದಲ್ಲಿದಾರೆ. ವಿಡಿಯೋ ಕಾಲಲ್ಲಿ ಆಗತ್ತಾ?

ಆಗತ್ತೆ, ಸುಮಾರು ಜನ ಮಾಡ್ತಿದಾರೆ. ಅಜ್ಜ ತಮ್ಮ ಮನೆ ದೇವರ ಕೋಣೆಯಲ್ಲೇ ದೀಪ ಹಚ್ಕೊಂಡು ದೀಪ ನೋಡ್ಕೊಂಡು ಹೇಳ್ಲಿ, ಫೋನ್ ಪಕ್ಕದಲ್ಲಿ ಯಾರಾದ್ರೂ ಹಿಡ್ಕೊಳಿ. ಫೋನ್ ಪರದೆಗೆ ಕೈ ಮುಗಿದು ಹೇಳಿಸ್ಬೇಡಿ. ಮಳೆಗಾಲ ಆದ್ರೆ ನಮ್ಮ ಕಡೆ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಅದಕ್ಕೆ ಬೆಳಿಗ್ಗೆನೇ ಅಜ್ಜನ ಅರಿಕೆನ ರೆಕಾರ್ಡ್ ಮಾಡಿ ಕಳಿಸಿಟ್ಟಿರಿ, ಲೈನ್ ಕಟ್ಟಾದ್ರೆ ಅದನ್ನ ಹಾಕಿ. ಕಾಯಿನ ಮಗು ಇರೋ ಕಡೆ ಒಡೀರಿ.

ಎಲ್ಲಾ ಮುಗಿದ ಮೇಲೆ ಮುಡಿಪು ಏನು ಮಾಡೋದು?

ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿದ ಕಾಣಿಕೆ ಆಯಾ ದೇವರದ್ದು, ಒಂದಕ್ಕೊಂದು ಸೇರಿಸ್ಬೇಡಿ. ಒಂದೊಂದು ಗಂಟಿಗೂ ಚೀಟಿ ಹಾಕಿ, ಯಾವ ದೇವರು, ಯಾರ ಹರಕೆ ಅಂತ. ದೇವರ ಕೋಣೆಯಲ್ಲೇ ಇಡಿ, ಬೀರುವಿನಲ್ಲಿಟ್ರೆ ಯಾವತ್ತೋ ತುರ್ತಿಗೆ ಬಿಚ್ಚಿಬಿಡ್ತಾರೆ. ನೋಟಿಗಿಂತ ನಾಣ್ಯ ಒಳ್ಳೇದು, ನಮ್ಮ ಮಳೆಗೆ ನೋಟು ಬೂಷ್ಟು ಹಿಡಿಯತ್ತೆ. ಹೋಗೋಕಾಗದವರು ಆ ಕಡೆ ಹೋಗೋ ನೆಂಟರ ಕೈಯಲ್ಲಿ ಕೊಟ್ಟು ಹುಂಡಿಗೆ ಹಾಕಿಸ್ಬಹುದು, ತುಲಾಭಾರದಂಥದ್ದಕ್ಕೆ ಮಾತ್ರ ನೀವೇ ಮಗು ಕರ್ಕೊಂಡು ಹೋಗ್ಬೇಕು.